ಗಂಜಿಯಲ್ಲಿ ಅಡಗಿಸಿದ ಹರಿವೆ

ಹೊನ್ನಾವರದ ಅಕ್ಕನ ಮನೆಯಲ್ಲಿ, ಅವಳ ಎರಡೂವರೆ ವರ್ಷದ ಮಗಳು ಹರಿವೆ ಸೊಪ್ಪು ಕಂಡರೆ ಬಾಯಿ ಬಿಗಿಯುತ್ತಿದ್ದಳು. ನೆಮ್ಮದಿಯಿಂದ ತಿನ್ನುತ್ತಿದ್ದದ್ದು ಗಂಜಿ ಒಂದೇ.

"ಅರೆದು ಗಂಜಿಯಲ್ಲೇ ಕಲಸು. ಅವಳಿಗೆಂತ ಗೊತ್ತಾಗ್ತದೆ?" ಎಂದೆ.

ಗೊತ್ತಾಯಿತು. ಮೊದಲ ತುತ್ತನ್ನೇ ಉಗಿದಳು. ಮರುದಿನ ಬರೀ ಬಿಳಿ ಗಂಜಿ ಕೊಟ್ಟರೂ ಬಟ್ಟಲು ತಳ್ಳಿದಳು. ವಾರ ಕಳೆದರೂ ಹಾಗೇ. ಅಂಗನವಾಡಿಯಲ್ಲಿ ತೂಗಿದಾಗ ತೂಕ ಇಳಿದಿತ್ತು. ಅಕ್ಕ ನನ್ನ ಮುಖ ನೋಡದೆ ನಡೆದದ್ದನ್ನೆಲ್ಲ ಅಲ್ಲಿ ಹೇಳಿದಳು.

"ಅಡಗಿಸುವ ಬುದ್ಧಿ ಯಾರದ್ದು?" ಅಂಗನವಾಡಿಯಲ್ಲಿ ಕಲಿಸುವ ಅಕ್ಕೋರು ಕೇಳಿದರು.

"ನಂದೇ."

"ನಡೆಯಲು ಕಲಿತ ಮಗು ಸಿಕ್ಕಿದ ಎಲೆಯನ್ನೆಲ್ಲ ಬಾಯಿಗೆ ಹಾಕಿದರೆ ಕಷ್ಟ. ಕಹಿ ಎಲೆಯಲ್ಲಿ ಎಷ್ಟೋ ಸಲ ವಿಷ ಇರ್ತದೆ. ಹಿಂದಿನ ಕಾಲದಲ್ಲಿ ಹೊಸದನ್ನು ಅನುಮಾನಿಸಿದ ಮಕ್ಕಳೇ ಹೆಚ್ಚು ಬದುಕಿರಬೇಕು. ಆ ಅನುಮಾನ ಇವಳಿಗೂ ಬಂದಿದೆ, ಹಟ ಅಲ್ಲ."

"ಬದುಕಿರಬೇಕು ಅಂದರೆ ಊಹೆ. ಕಂಡವರು ಯಾರು?"

"ಆತು ಮಾರಾಯ, ವಾದ ನೀನೇ ಗೆದ್ದೆ. ಅವಳು ನಂಬಿದ ಒಂದೇ ಊಟ ಕೆಡಿಸಿದವನೂ ನೀನೇ. ಇನ್ನು ಗಂಜಿ, ಹರಿವೆ ಎರಡನ್ನೂ ಬೇರೆಬೇರೆ ಇಡು, ಅವಳೆದುರು ನೀನು ತಿನ್ನು. ಒತ್ತಾಯ ಬೇಡ. ಹತ್ತು ಹದಿನೈದು ಸಲ ಬೇಕಾಗಬಹುದು."

"ಇವನೇ ಹರಿವೆ ತಿನ್ನೂದಿಲ್ಲ, ಅಕ್ಕೋರೇ," ಅಂದಳು ಅಕ್ಕ.



ಆ ಸಂಜೆ ಮಗುವಿನ ಎದುರು ಕೂತು ಹರಿವೆ ಪಲ್ಯ ಬಾಯಿಗಿಟ್ಟೆ. ನುಂಗುವವರೆಗೂ ಅವಳು ನನ್ನ ಗಂಟಲನ್ನೇ ನೋಡಿದಳು. ಆಮೇಲೆ ಗಂಜಿ ಕುಡಿದೆ. ಅವಳು ತುಂಬ ಹೊತ್ತು ಕಾದು, ತನ್ನ ಗಂಜಿ ಬಟ್ಟಲಿಗೆ ಬೆರಳದ್ದಿ ನೆಕ್ಕಿದಳು. ಮತ್ತೆ ಅದ್ದಿದಳು. ಅಕ್ಕ ನೆಮ್ಮದಿಯ ಉಸಿರು ಬಿಟ್ಟಳು.

ಮಗು ಪಲ್ಯ ಮುಟ್ಟಲಿಲ್ಲ. ಅಕ್ಕ ನನಗೆ ಇನ್ನೊಂದು ಸೌಟು ಹರಿವೆ ಬಡಿಸಿದಳು.