ಹಾಡು ಕಟ್ಟುವ ಮನೆತನ

ತಾಳವಾಡಿಯ ಬೀಜದ ಕಂಪನಿಯಲ್ಲಿ ನಾನು ಗುಮಾಸ್ತನಾಗಿ ಸೇರಿದ್ದು ಎಂಬತ್ತರ ದಶಕದ ಮೊದಲಲ್ಲಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಂಪನಿಗೊಂದು ತಿಂಗಳ ಪತ್ರಿಕೆಯಿತ್ತು, ಸೈಕ್ಲೋಸ್ಟೈಲ್ ಮಾಡಿದ್ದು. ಹೊಸಬರು ಬಂದರೆ ಅದರಲ್ಲಿ ನಾಲ್ಕು ಸಾಲಿನ ಪರಿಚಯ ಹಾಕುತ್ತಿದ್ದರು. ಬರೆಯುವವರು ಮೈಸೂರು ಕಡೆಯ ಹೆಡ್ ಕ್ಲರ್ಕ್.

"ಊರು? ಓದು? ತಂದೆ ಏನು ಮಾಡ್ತಾರೆ?" ಎಂದು ಕೇಳಿದರು.

"ತಿಗನಾರೆ ಸಾರ್. ಬಿ.ಕಾಂ. ನಮ್ಮಪ್ಪ ಆಡು ಕಟ್ಕೊಂಡು ಜೀವ್ನ ಮಾಡ್ತಾನೆ."

ನಮ್ಮ ಕಡೆ ಹಳ್ಳಿ ಅಳ್ಳಿಯಾಗುತ್ತದೆ, ಹೊಲ ಒಲ ಆಗುತ್ತದೆ. ನಮ್ಮ ಬಾಯಲ್ಲಿ ಬಿದ್ದುಹೋದ ಹಕಾರಗಳನ್ನೆಲ್ಲ ಎತ್ತಿ ಕೂರಿಸುವುದು ಆ ಮಹಾನುಭಾವರ ಚಾಳಿ. ಬರೆದದ್ದನ್ನು ನನ್ನ ಮುಂದಿಟ್ಟರು: "ನಮ್ಮ ಬಳಗ ಸೇರಿದ ಈ ತಿಗನಾರೆಯ ಪದವೀಧರರು ಹಾಡು ಕಟ್ಟುವ ಮನೆತನದವರು. ಅವರಿಗೆ ಆದರದ ಸ್ವಾಗತ."

"ಸರಿ ಇದೆಯಾ? ಇನ್ನೂ ಸ್ಟೆನ್ಸಿಲ್ ಕತ್ತರಿಸಿಲ್ಲ, ತಿದ್ದಬಹುದು."

ಮೇಕೆ ಕಾಯುವವನ ಮಗ ಎಂದು ಹಾಕಿಸಿಕೊಳ್ಳಲು ನನಗೆ ನಾಚಿಕೆ. ಥೂ, ಅದಕ್ಕೇ ಈಗ ನಾಚಿಕೆಯಾಗುತ್ತದೆ. "ಸರಿ ಇದೆ ಸಾರ್" ಅಂದೆ.

ಪತ್ರಿಕೆ ಓದಿದ ಮ್ಯಾನೇಜರಿಗೆ ಖುಷಿಯೋ ಖುಷಿ. ನನಗೊಂದು ಮಾತೂ ಹೇಳದೆ ಲಾರಿ ಡ್ರೈವರನ್ನು ಕರೆದು, "ಶನಿವಾರ ಹೊಸ ಗುಮಾಸ್ತರ ತಂದೆ ಬರಲಿ, ಅವರ ಹಾಡು ಕೇಳಬೇಕು" ಎಂದು ಊರಿಗೆ ಹೇಳಿಕಳಿಸಿದ್ದರು. ಡ್ರೈವರ್ ನಮ್ಮ ಕಡೆಯವನೇ. ಅಪ್ಪನಿಗೆ ಅವನು ಮುಟ್ಟಿಸಿದ್ದು ಇಷ್ಟು: "ಸನಿವಾರಕ್ಕೆ ಆಪೀಸ್ನೋರು ನಿನ್ ಆಡು ಕೇಳವ್ರೆ ಕಣಣ್ಣೋ."

ಶನಿವಾರ ಎಲ್ಲರೂ ಗೋದಾಮಿನಲ್ಲಿ ಜಮಖಾನ ಹಾಸಿ ಕೂತಿದ್ದರು. ಯಾಕೆಂದು ನಾನು ಕೇಳುವಷ್ಟರಲ್ಲಿ ಅಪ್ಪ ಬಂದ. ಒಗೆದ ಪಂಚೆ ಉಟ್ಟಿದ್ದ, ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ನಮ್ಮ ಮನೆಯ ಕಪ್ಪು ಮೇಕೆ. ತಂಗಿಯ ಕೂಸು ಅದರ ಹಾಲು ಕುಡಿದೇ ಬೆಳೆಯುತ್ತಿತ್ತು.

ಅಪ್ಪ ನೇರ ಮ್ಯಾನೇಜರ ಹತ್ತಿರ ಹೋಗಿ ಹಗ್ಗ ಚಾಚಿದ. "ತಕಳಿ ಸಾಮಿ. ಒಳ್ಳೆ ಆಲ್ ಕೊಡ್ತದೆ. ನನ್ ಮಗನ್ನ ಕಾಯಂ ಮಾಡ್ಬುಡಿ."

ಯಾರೋ ಕಿಸಕ್ಕನೆ ನಕ್ಕರು. ಹೆಡ್ ಕ್ಲರ್ಕ್ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆಲಸಕ್ಕೆ ಲಂಚ ಕೇಳಿದ್ದಾರೆಂದು ತಿಳಿದು, ಕೂಸಿನ ಹಾಲನ್ನೇ ಹೊಡೆದುಕೊಂಡು ಬಂದಿದ್ದಾನೆ ನಮ್ಮಪ್ಪ, ನನ್ನನ್ನು ಒಂದು ಮಾತೂ ಕೇಳದೆ.

"ಹಾಡಲ್ಲ ಸಾರ್, ಆಡು" ಅಂದೆ. "ನಮ್ಮಪ್ಪ ಮೇಕೆ ಕಾಯ್ತಾರೆ. ಗೊತ್ತಿದ್ದೂ ನಾನು ಸುಮ್ಮನಿದ್ದೆ."

ಮ್ಯಾನೇಜರ್ ಒಳ್ಳೆಯವರು, ಬೈಯಲಿಲ್ಲ. ಅಪ್ಪನಿಗೆ ಕಾಫಿ ಕುಡಿಸಿ ಹಗ್ಗವನ್ನು ಅವನ ಕೈಗೇ ಕೊಟ್ಟರು. ಬಸ್ ಸ್ಟ್ಯಾಂಡಿನ ತನಕ ಅಪ್ಪ ನನ್ನ ಜೊತೆ ನಡೆದು ಬಂದ. ಅಲ್ಲಿ ಮೇಕೆಯ ಬೆನ್ನು ಸವರುತ್ತಾ ಮೆಲ್ಲಗೆ ಕೇಳಿದ:

"ಬ್ಯಾಡ ಅಂದ್ಬುಟ್ರಲ್ಲ ಮಗಾ. ಕೆಲ್ಸ ಓಯ್ತಾ?"