ಹೆಸರು ಹಾಕದ ಕೃತಜ್ಞತಾ ಪತ್ರ

ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಂದು ಕೃತಜ್ಞತಾ ಪತ್ರ ಬರೆದು ಓದೋಣ ಅಂದುಕೊಂಡೆ. ಮೊದಲ ಪ್ರತಿಯ ತುಂಬ ನನ್ನ ಸೇವೆಯ ಬಣ್ಣನೆಯೇ ಇತ್ತು. ಹೆಂಡತಿ ಓದಿ, "ಥ್ಯಾಂಕ್ಸ್ ಯಾರಿಗ್ರೀ, ನಿಮಗೇನಾ?" ಅಂದಳು.

ಅದನ್ನು ಹರಿದುಹಾಕಿ, ಅವರು ಮಾಡಿದ್ದನ್ನು ನೆನೆದು ಬರೆದೆ. ಬೋರ್ಡಿನ ಮೇಲೆ ನನ್ನ ತಪ್ಪು ಲೆಕ್ಕ ತಿದ್ದಿದ ಹುಡುಗಿ, ಕಬ್ಬಿನ ಕೆಲಸ ಬಿಟ್ಟು ಪೋಷಕರ ಸಭೆಗೆ ಬಂದ ತಾಯಂದಿರು. ಮಗಳನ್ನು ಶಾಲೆ ಬಿಡಿಸಲು ಬಂದು, ನನ್ನೊಡನೆ ಜಗಳವಾಡಿ, ಮರುದಿನ ತಾನೇ ಕರೆತಂದ ಒಬ್ಬ ತಂದೆ. ಒಬ್ಬರ ಹೆಸರು ಹಾಕಿ ಇನ್ನೊಬ್ಬರದು ಬಿಟ್ಟರೆ ನೋವಾದೀತೆಂದು ಯಾರ ಹೆಸರೂ ಹಾಕಲಿಲ್ಲ.

ಬೆಳಗೊಳದ ಹತ್ತಿರದ ನಮ್ಮ ಶಾಲೆಯ ಅಂಗಳದಲ್ಲಿ ಆ ತಂದೆ ಎದುರಿಗೇ ಕೂತಿದ್ದರು. ಅವಮಾನವಾಯಿತು ಅಂದುಕೊಂಡಾರು ಎಂದು ಅಳುಕುತ್ತಲೇ ಓದಿದೆ.

ಹಿಂದಿನ ಸಾಲಿನಿಂದ ಬೇರೊಬ್ಬರು ಎದ್ದು ಕೂಗಿದರು: "ಅದು ನಾನೇ ಕಣ್ರಪ್ಪಾ! ನನ್ ಮಗಳು ಈಗ ನರ್ಸು!"

"ಸುಮ್ಕಿರ್ಲಾ! ಮೇಷ್ಟ್ರು ಏಳ್ತಿರೋದು ನನ್ ವಿಸ್ಯ!" ಎಂದು ಇನ್ನೊಬ್ಬರು ಎದ್ದರು.

ಕೊನೆಗೆ ನನ್ನ ಎದುರಿಗಿದ್ದವರೂ ಮಗಳ ಕೈಹಿಡಿದು ಎದ್ದು ನಿಂತರು. ಚಪ್ಪಾಳೆಯಿಂದ ಅಂಗಳ ತುಂಬಿಹೋಯಿತು.

ಆಮೇಲೆ ಮೂವರೂ ಬಂದು, "ನನ್ ಬಗ್ಗೆನೇ ತಾನೆ ಬರ್ದಿದ್ದು?" ಎಂದು ಬೇರೆ ಬೇರೆಯಾಗಿ ಕೇಳಿದರು. ಮೂವರಿಗೂ ಹೌದೆಂದೆ. ಅಷ್ಟು ಜನರೊಡನೆ ಜಗಳವಾಡಿ ಗೆದ್ದದ್ದು ನನಗೇ ಮರೆತುಹೋಗಿತ್ತು.