ಯಾರಿಗೂ ಅಲ್ಲದ ನೋಟೀಸು

ಊಟಿಯಲ್ಲಿ ಗುಮಾಸ್ತರೂ ಪಿಂಚಣಿದಾರರೂ ಸೇರಿ ಸಹಕಾರ ಸಂಘ ಮಾಡಿಕೊಂಡು, ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡ ಕಾಲದಲ್ಲಿ ನಾನು ಆ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದೆ. ಸಂಬಳ ಇರಲಿಲ್ಲ. ಬೈಗುಳಕ್ಕೆ ಮಾತ್ರ ಕೊರತೆ ಇರಲಿಲ್ಲ.

ನಮ್ಮ ಮನೆಗಳಿಗೆಲ್ಲ ಸೇರಿ ಮುನಿಸಿಪಾಲಿಟಿಯಿಂದ ಒಂದೇ ನೀರಿನ ಸಂಪರ್ಕ. ನೀರು ಮೇಲಿನ ತೊಟ್ಟಿಗೆ ಬಂದು, ಅಲ್ಲಿಂದ ಒಂದು ಕೊಳವೆಯಲ್ಲಿ ಇಳಿದು ಮನೆಮನೆಗೆ ಹೋಗುತ್ತಿತ್ತು. ಬಿಲ್ಲು ಸೊಸೈಟಿಯ ಹೆಸರಿಗೆ. ಆ ಬಿಲ್ಲಿಗೆ, ತೊಟ್ಟಿ ತೊಳೆಸುವುದಕ್ಕೆ, ಕಾವಲುಗಾರನಿಗೆ, ಹಿಮ ಬೀಳುವ ಮೊದಲು ಕೊಳವೆಗೆ ಹುಲ್ಲು, ಗೋಣಿ ಸುತ್ತಿಸುವುದಕ್ಕೆ ಎಂದು ಪ್ರತಿ ಮನೆಯೂ ತಿಂಗಳಿಗಿಷ್ಟು ನಿರ್ವಹಣೆಯ ಚಂದಾ ಕೊಡಬೇಕು. ಆ ವರ್ಷ ಅರ್ಧಕ್ಕರ್ಧ ಮನೆಗಳು ಬೇಸಿಗೆಯಿಂದಲೇ ಕೊಟ್ಟಿರಲಿಲ್ಲ. ನೀರನ್ನು ಮಾತ್ರ ತಪ್ಪದೆ ಹಿಡಿದಿದ್ದವು.

ಮುನಿಸಿಪಾಲಿಟಿಯಿಂದ ಕಾಗದ ಬಂತು: ತಿಂಗಳ ಕೊನೆಯೊಳಗೆ ಬಿಲ್ಲು ಕಟ್ಟದಿದ್ದರೆ ನೀರು ನಿಲ್ಲಿಸುತ್ತೇವೆ. ನಿಲ್ಲಿಸಿದರೆ ಬಾಕಿ ಇಟ್ಟವರ ನೀರು, ಕೊಟ್ಟವರ ನೀರು ಎಂದು ಭೇದವಿಲ್ಲ. ಎಲ್ಲಕ್ಕಿಂತ ಕೆಳಗಿನ ಮನೆಯಲ್ಲಿ ತೀರಿಕೊಂಡ ಹೆಡ್ಮಾಸ್ಟರರ ಹೆಂಡತಿ ಇದ್ದರು. ಅವರ ಚಂದಾ ಒಂದು ತಿಂಗಳೂ ತಪ್ಪಿದ್ದಿಲ್ಲ. ಮಗಳು ಆಗತಾನೇ ಹೆತ್ತು ಆ ಮನೆಯಲ್ಲಿ ಮಲಗಿದ್ದಳು. ಆ ಚಳಿಯಲ್ಲಿ ಬಾಣಂತಿಗೂ ಕೂಸಿಗೂ ದಿನವೂ ಹಂಡೆಗಟ್ಟಲೆ ಬಿಸಿನೀರು ಬೇಕು. ಕೊಳವೆ ಬಿಟ್ಟರೆ ನೀರಿರುವುದು ಕಣಿವೆಯ ತಳದ ಹಳ್ಳದಲ್ಲಿ. ಹೊತ್ತು ತರಲು ಆ ಮನೆಯಲ್ಲಿ ಗಂಡಾಳಿರಲಿಲ್ಲ.

ಕಮಿಟಿ ಅಧ್ಯಕ್ಷರ ಜಗಲಿಯಲ್ಲಿ ಸೇರಿತು. ಅಧ್ಯಕ್ಷರು ನಿವೃತ್ತ ತಹಶೀಲ್ದಾರರು. ಒಂದು ಕಾಲದಲ್ಲಿ ಕಂದಾಯದ ಬಾಕಿಗೆ ಜನರ ದನ ಜಪ್ತಿ ಮಾಡಿಸಿದ್ದವರು. ಸೊಸೈಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಾಕಿ ಅವರದೇ. ನಾನು ಹೆಸರು, ಮೊತ್ತ, ಗಡುವು ಬರೆದ ಕರಡು ಓದತೊಡಗಿದೆ. ಮೊದಲ ಹೆಸರಿಗೇ ಅವರು ಕೈ ಎತ್ತಿದರು.

"ಏನಯ್ಯಾ ಇದು? ಮರ್ಯಾದಸ್ಥರು ಇರೋ ಜಾಗ. ಹೆಸರು ಹಾಕಿ ಮಾನ ಕಳೀತೀಯಾ?"

"ಹೆಸರಿಲ್ಲದೆ ಯಾರಿಗೆ ಅಂತ ಕಳಿಸಲಿ, ಸ್ವಾಮಿ?"

"ಎಲ್ಲರಿಗೂ ಕಳಿಸು. ಯಾರು ಕೊಡಬೇಕೋ ಅವರಿಗೆ ಗೊತ್ತಾಗತ್ತೆ."

ಕಮಿಟಿಯ ಇನ್ನೊಬ್ಬ ಸದಸ್ಯರು ಆಲೂಗಡ್ಡೆ ಮಂಡಿಯ ಗೌಡರು, ಆ ಬೆಟ್ಟದ ಮೂಲ ಒಕ್ಕಲಾದ ಬಡಗರವರು. ಅವರೂ ತಲೆಯಾಡಿಸಿದರು. "ಮೊತ್ತಾನೂ ಬೇಡ ಬಿಡಿ. ಮೊತ್ತ ನೋಡಿದ್ರೆ ಹೆಸರು ತಿಳಿದುಬಿಡ್ತದೆ."

ಗಡುವು ಎಂಬ ಮಾತು ಒರಟಾಯಿತು ಎಂದರು ಅಧ್ಯಕ್ಷರು. "ತಮಗೆ ಅನುಕೂಲವಾದಷ್ಟು ಶೀಘ್ರ" ಎಂದು ಬದಲಾಯಿತು. ಕೊನೆಗೆ ಉಳಿದದ್ದು ಇಷ್ಟು: ಮಾನ್ಯ ಸದಸ್ಯ ಮಹಾಶಯರಲ್ಲಿ ಕೆಲವರಿಂದ ಬರತಕ್ಕದ್ದು ಕೊಂಚ ತಡವಾಗಿದೆಯೆಂದು ತೋರುವುದರಿಂದ, ಸಂಬಂಧಪಟ್ಟ ಮಹನೀಯರು ದಯಮಾಡಿ ಗಮನಿಸತಕ್ಕದ್ದು. ಮದುವೆಯ ಆಮಂತ್ರಣಕ್ಕೂ ಇಷ್ಟು ವಿನಯ ಯಾರೂ ಹಾಕುವುದಿಲ್ಲ. ಅಧ್ಯಕ್ಷರು ಸಂತೋಷದಿಂದ ಸಹಿ ಮಾಡಿದರು.

ಕಾವಲುಗಾರ ಅದನ್ನು ಮನೆಮನೆಗೆ ಒಯ್ದ. ಓದಿದವರು ಕೆಳಗೆ "ನೋಡಿದೆ" ಎಂದು ಬರೆದು ಸಹಿ ಹಾಕುವುದು ನಮ್ಮ ಪದ್ಧತಿ. ಸಂಜೆ ಕಾಗದ ಹಿಂದಿರುಗಿದಾಗ ಅಂಚಿನಲ್ಲಿ ಜಾಗವೇ ಉಳಿದಿರಲಿಲ್ಲ. ಎಲ್ಲರೂ ನೋಡಿದ್ದರು. ಕೆಲವರಂತೂ "ಅತ್ಯಗತ್ಯವಾದ ಕ್ರಮ" ಎಂದು ಮೆಚ್ಚುಗೆಯನ್ನೂ ಸೇರಿಸಿದ್ದರು. ಹಾಗೆ ಮೆಚ್ಚಿದವರೆಲ್ಲ ಬಾಕಿದಾರರು.

ಮರುದಿನ ಬೆಳಿಗ್ಗೆ ದುಡ್ಡು ತಂದವರು ಒಬ್ಬರೇ. ಹೆಡ್ಮಾಸ್ಟರರ ಹೆಂಡತಿ.

ನಮ್ಮ ಮೆಟ್ಟಿಲ ಮೇಲೆ ನಿಂತು ಸೆರಗಿನ ಗಂಟು ಬಿಚ್ಚಿದರು. "ಎಣಿಸಿಕೊಳ್ಳಪ್ಪಾ. ಕಡಿಮೆ ಬಿದ್ದರೆ ಹೇಳು."

"ಅಮ್ಮಾ, ನಿಮ್ಮದು ಬಾಕಿ ಇಲ್ಲ. ರಸೀದಿ ನಾನೇ ಕೊಟ್ಟಿದ್ದೇನಲ್ಲ."

"ರಸೀದಿ ಇದೆ. ಆದರೂ ನೋಟೀಸು ಬಾಗಿಲಿಗೇ ಬಂತಲ್ಲ. ದೊಡ್ಡವರ ಸಹಿ ಬೇರೆ ಇದೆ. ಎಲ್ಲೋ ತಪ್ಪು ನಮ್ಮದೇ ಇರಬೇಕು. ನೀರು ಮಾತ್ರ ನಿಲ್ಲಿಸಬೇಡಿ. ಮಗು ಇನ್ನೂ ಹಸಿ."

ಯಾವ ದುಡ್ಡು ಎಂದು ಕೇಳಿದೆ. ಸೂಲಗಿತ್ತಿಗೆ ಕೊಡಲು ಇಟ್ಟದ್ದಂತೆ. ನಾನು ಅದನ್ನು ಅವರ ಕೈಗೇ ಹಿಂದಿರುಗಿಸಿ, ನೋಟೀಸು ನಿಮಗಲ್ಲ, ನಿಮಗಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಅವರು ಪೂರ್ತಿ ನಂಬದೆಯೇ ಇಳಿದು ಹೋದರು.

ಗೌಡರ ಮಂಡಿಗೆ ಹೋದೆ. ಅವರ ಬಾಕಿಯ ಲೆಕ್ಕ ಹೇಳಿದ್ದು ಕೇಳಿ ಅವರು ಮೂಟೆಯ ಮೇಲೆ ಕೂತುಬಿಟ್ಟರು.

"ನಂದೂ ಬಾಕಿ ಇದೆಯಾ? ನಾನು ಆ ನೋಟೀಸು ಪ್ರೆಸಿಡೆಂಟರಿಗೆ ಅಂದುಕೊಂಡಿದ್ದೆ ಕಣ್ರೀ!"

ಅಧ್ಯಕ್ಷರನ್ನು ಕೇಳಿದರೆ, ಅದು ಗೌಡರಿಗೆ ಎಂದುಕೊಂಡಿದ್ದರಂತೆ.

ಸೊಸೈಟಿಯ ನಿಯಮದ ಪುಸ್ತಕ, ಬೈಲಾ, ತೆಗೆದು ನೋಡಿದೆ. ಬಾಕಿದಾರರಿಗೆ ಪ್ರತ್ಯೇಕ ನೋಟೀಸು ಕೊಡುವ ಅಧಿಕಾರ ಕಾರ್ಯದರ್ಶಿಗೇ ಇತ್ತು. ಅಧ್ಯಕ್ಷರ ಸಹಿ ಬೇಕಿರಲಿಲ್ಲ. ಆ ಸಂಜೆಯೇ ಕುಳಿತು ಒಬ್ಬೊಬ್ಬರ ಹೆಸರಿಗೆ ಬರೆದೆ: "ತಮ್ಮ ಮನೆಯ ಚಂದಾ ಬಾಕಿ ಮೇಲೆ ಕಾಣಿಸಿದಷ್ಟಿದೆ. ದಯವಿಟ್ಟು ಈ ತಿಂಗಳ ಇಪ್ಪತ್ತೈದನೇ ತಾರೀಖಿನ ಸಂಜೆಯೊಳಗೆ ಕಟ್ಟಿ ರಸೀದಿ ಪಡೆಯಬೇಕಾಗಿ ವಿನಂತಿ. ಲೆಕ್ಕದಲ್ಲಿ ತಪ್ಪಿದ್ದರೆ, ಅಥವಾ ಒಟ್ಟಿಗೆ ಕಟ್ಟಲು ಕಷ್ಟವಿದ್ದರೆ, ಅದಕ್ಕೆ ಮೊದಲು ಬಂದು ತಿಳಿಸಿ, ಕಂತು ಮಾಡಿಕೊಡಲಾಗುವುದು. ಎರಡೂ ಆಗದಿದ್ದಲ್ಲಿ ವಿಷಯವನ್ನು ಸಹಕಾರ ಇಲಾಖೆಯ ಡೆಪ್ಯುಟಿ ರಿಜಿಸ್ಟ್ರಾರರ ತೀರ್ಮಾನಕ್ಕೆ ಕಳಿಸಬೇಕಾಗುತ್ತದೆ." ಮಹಾಶಯ, ಮಹನೀಯ ಒಂದೂ ಹಾಕಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದ ಮನೆಗಳಿಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದೆ. ಈ ಬಾರಿ "ನೋಡಿದೆ" ಸಾಲದು, ಅಂಚೆಯವನ ಕಾಗದಕ್ಕೆ ಸಹಿ ಬೇಕು.

ಬೈಗುಳ ಮೊದಲು ಬಂತು, ದುಡ್ಡು ಹಿಂದೆ ಬಂತು. ಗೌಡರು ಅಂದೇ ಕಟ್ಟಿದರು. ಇಬ್ಬರು ಕಂತು ಕೇಳಿದರು, ಮಾಡಿಕೊಟ್ಟೆ. ಇಪ್ಪತ್ತೈದರ ಮಧ್ಯಾಹ್ನ ಕೂಡಿಸಿ ನೋಡಿದರೆ ಬಿಲ್ಲಿಗೆ ಇನ್ನೂ ಕಡಿಮೆ. ಆ ಕಡಿಮೆಯನ್ನು ತುಂಬಬಲ್ಲ ಬಾಕಿ ಉಳಿದದ್ದು ಅಧ್ಯಕ್ಷರದೊಂದೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ಅಡುಗೆಯವನು ಲಕೋಟೆ ತಂದ. ದುಡ್ಡು ಸರಿಯಾಗಿತ್ತು. ಜೊತೆಯ ಚೀಟಿಯಲ್ಲಿ, ಸೊಸೈಟಿಯ ಸಂಕಷ್ಟ ನೋಡಲಾರದೆ ಕೊಟ್ಟ ದಾನ ಎಂದು ಜಮಾ ಮಾಡಿಕೊಳ್ಳಬೇಕು ಎಂದಿತ್ತು.

ದಾನವೆಂದು ಬರೆದರೆ ಬಾಕಿ ಹಾಗೇ ಉಳಿಯುತ್ತದೆ. ಬಾಕಿ ಎಂದು ಬರೆದರೆ ದುಡ್ಡು ವಾಪಸ್ ಕೇಳಿಯಾರು. ನಾನು ಆ ರಾತ್ರಿ ರಸೀದಿ ಬರೆಯಲೇ ಇಲ್ಲ. ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಮುನಿಸಿಪಾಲಿಟಿಗೆ ಹೋಗಿ ಬಿಲ್ಲು ಕಟ್ಟಿದೆ. ಆಮೇಲೆ ಅಲ್ಲಿಯ ಬೆಂಚಿನ ಮೇಲೇ ಕುಳಿತು "ಚಂದಾ ಬಾಕಿ ಬಾಬ್ತು ಪೂರಾ ಸಂದಾಯ" ಎಂದು ರಸೀದಿ ಬರೆದೆ.

ಅದನ್ನು ಕೊಡಲು ಹೋದಾಗ ಅಧ್ಯಕ್ಷರು ಕನ್ನಡಕ ಹಾಕಿ ಓದಿದರು. "ದಾನ ಅಂತ ಬರೀಲಿಲ್ಲವಲ್ಲಯ್ಯಾ."

"ದಾನ ಅಂತ ಬರೆದರೆ ಬಾಕಿಗೆ ಇನ್ನೊಂದು ನೋಟೀಸು ಕಳಿಸಬೇಕಾಗತ್ತೆ, ಸ್ವಾಮಿ. ಅದೂ ರಿಜಿಸ್ಟರ್ ಟಪಾಲಿನಲ್ಲಿ."

ಅವರು ರಸೀದಿ ಮಡಚಿ ಜೇಬಿಗೆ ಹಾಕಿಕೊಂಡರು. "ನೀರು ನಿಲ್ಲಲ್ಲ ತಾನೆ?"

"ಇಲ್ಲ."

"ನೋಡಿದೆಯಾ, ನಾನೊಬ್ಬ ಇದ್ದದ್ದಕ್ಕೆ ಆಯ್ತು."

ಹೌದು ಸ್ವಾಮಿ ಎಂದು ಹೇಳಿ, ನೀರು ನಿಲ್ಲುವುದಿಲ್ಲವೆಂದು ತಿಳಿಸಲು ಕೆಳಗಿನ ಮನೆಗೆ ಇಳಿದೆ.